ಒಂದೇ ಗೊರಸು

 

ಮೊನ್ನೆ ಮಳೆ ಹುಯ್ದ ರಾತ್ರಿ ಹನ್ನೊಂದು ಗಂಟೆಗೆ ಊರಿಂದ ತಮ್ಮನ ಮಗಳು ವಿಡಿಯೋ ಕಾಲ್ ಮಾಡಿದಳು. ಎಂಟನೇ ಕ್ಲಾಸು ಹುಡುಗಿ. ಕರೆಂಟ್ ಇಲ್ಲ, ಅವಳ ಅಪ್ಪ ಟಾರ್ಚ್ ಹಿಡ್ಕೊಂಡು ನಿಂತಿದ್ದಾನೆ, ಅವಳ ಮುಖ ಅರ್ಧ ಕಾಣ್ತಿದೆ ಅರ್ಧ ಇಲ್ಲ.

"ಅತ್ತೆ, ಹಸುಗೆ ಬೇನೆ ಬಂದೈತೆ. ನೀರುಚೀಲ ಒಡೆದು ಇಪ್ಪತ್ತು ನಿಮಿಷ ಆಯ್ತು. ಎಳೀಬೇಕಾ?"

"ಎಷ್ಟು ಗೊರಸು ಕಾಣ್ತವೆ?"

"ಎರಡು."

"ಮೂತಿ?"

"ಕಾಲ ಮೇಲೆ ಮಲಗ್ಸಿದ ಹಂಗೆ ಐತೆ."

"ಗೊರಸಿನ ಅಂಗಾಲು ನೆಲದ ಕಡೆಗೋ ಮೇಲಕ್ಕೋ?"

"ನೆಲದ ಕಡೆಗೆ."

"ಹಂಗಾದ್ರೆ ಯಾರೂ ಮುಟ್ಬೇಡಿ. ನೀನು ದೂರ ಕೂತ್ಕೊಂಡು ನೋಡ್ತಿರು."

ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಬರಲಿಲ್ಲ. ಈ ಮೂರು ಪ್ರಶ್ನೆ ನನಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ. 1997ರ ಮೇ ತಿಂಗಳಲ್ಲಿ ಒಂದು ರಾತ್ರಿ ನನ್ನ ಅಜ್ಜಿ ನನಗೆ ಕೇಳಿದ ಪ್ರಶ್ನೆಗಳು ಇವು. ಆಗ ನನಗೆ ಹನ್ನೊಂದು ವರ್ಷ.

ನಮ್ಮೂರು ನಂಜನಗೂಡು ಕಡೆ. ಅಪ್ಪನಿಗೆ ಇದ್ದದ್ದು ಒಂದೂಕಾಲು ಎಕರೆ ಖುಷ್ಕಿ. ರಾಗಿ, ಹುರುಳಿ, ಒಳ್ಳೆ ವರ್ಷ ಆದ್ರೆ ಅಂಚಲ್ಲಿ ಅವರೆ. ಹಸು ನಮ್ಮದಲ್ಲ. ದೊಡ್ಡಮನೆಯವರ ಹಸುವನ್ನ ಪಾಲಿಗೆ ಸಾಕ್ತಿದ್ವಿ. ಪಾಲು ಅಂದ್ರೆ ಏನು ಅಂತ ಈಗಿನ ಹುಡುಗರಿಗೆ ಹೇಳಬೇಕು. ಹಸು ಅವರದು, ಮೇವು ನೀರು ದುಡಿಮೆ ನಮ್ಮದು. ಹಾಲು ಮಾರಿದ ದುಡ್ಡು ನಮಗೆ. ಗೊಬ್ಬರ ಅವರ ಹೊಲಕ್ಕೆ. ಮೊದಲನೇ ಸೂಲಿನ ಕರು ಅವರಿಗೆ, ಎರಡನೇ ಸೂಲಿನದು ನಮಗೆ. ಕಾಗದ ಪತ್ರ ಏನೂ ಇಲ್ಲ, ಅವರ ಜಗಲಿ ಕೆಳಗೆ ನಿಂತು ಅಪ್ಪ "ಆಯ್ತು ಬುದ್ಧಿ" ಅಂದದ್ದೇ ಕರಾರು. ಮೊದಲನೇ ಸೂಲಲ್ಲಿ ಹೋರಿಗರು ಹುಟ್ಟಿತ್ತು. ಎಂಟು ತಿಂಗಳು ಸಾಕಿದ ಮೇಲೆ ಅವರ ಆಳು ಬಂದು ಹಿಡ್ಕೊಂಡು ಹೋದ.

ಎರಡನೆಯದು ನಮ್ಮದು. ಹೆಣ್ಣಾದರೆ ನಮ್ಮ ಮನೇಲಿ ನಮ್ಮದೇ ಅನ್ನೋ ಮೊದಲ ಹಸು. ನಮ್ಮ ತಾತ, ಅವರಪ್ಪ, ಯಾರಿಗೂ ಸ್ವಂತ ಹಸು ಇರಲಿಲ್ಲ. ಜೀವಮಾನ ಪೂರ್ತಿ ದನ ಕಾಯ್ದೋರು, ಸತ್ತ ದನ ಹೊತ್ತೋರು, ಹಗ್ಗ ಹಿಡಿದು ಇದು ನನ್ನದು ಅಂದೋರಲ್ಲ. ಅದಕ್ಕೇ ಆ ಒಂಬತ್ತು ತಿಂಗಳು ನಮ್ಮ ಮನೇಲಿ ಕೆಂಪಿ ಹೊಟ್ಟೆಯದೇ ಮಾತು.

ಕೆಂಪಿ ನಾಟಿ ಹಸು, ಸಣ್ಣಾಳು. ಸೂಜಿ ಹಾಕ್ಸಿದ್ದು ಸೀಮೆಹಸು ತಳಿಯದು. ತಾರೀಕನ್ನ ಅಪ್ಪ ನನ್ನ ಕೈಲಿ ನೋಟ್‌ಬುಕ್ಕಿನ ಕೊನೇ ಹಾಳೇಲಿ ಬರೆಸಿದ್ದ: 25-7-1996. ಹಸುವಿನ ಗಬ್ಬ ಸುಮಾರು 280 ದಿನ. ಅಜ್ಜಿ ಲೆಕ್ಕದಲ್ಲಿ ಒಂಬತ್ತು ತಿಂಗಳು ಒಂಬತ್ತು ದಿನ. ಎರಡು ಲೆಕ್ಕಾನೂ ಮೇ ತಿಂಗಳ ಮೊದಲ ವಾರಕ್ಕೆ ಬರ್ತಿದ್ವು. ಆಗ ಭರಣಿ ಮಳೆ.

ಅವತ್ತು ಮೇ 2. ಮಧ್ಯಾಹ್ನ ಅಜ್ಜಿ ಕೆಂಪಿಯ ಬಾಲದ ಬುಡಕ್ಕೆ ಎರಡೂ ಕಡೆ ಹೆಬ್ಬೆರಳು ಒತ್ತಿ ನೋಡಿದಳು. ಮೊದಲು ಅಲ್ಲಿ ಹಗ್ಗ ಬಿಗಿದ ಹಂಗೆ ನರ ಸಿಗ್ತಿತ್ತು. ಅವತ್ತು ಸಿಗಲಿಲ್ಲ, ಬೆರಳು ಒಳಕ್ಕೆ ಇಳೀತು. "ಗುಳಿ ಬಿತ್ತು. ಇವತ್ತು ರಾತ್ರಿ ದಾಟಲ್ಲ ಇದು" ಅಂದಳು. ಕೆಚ್ಚಲು ಬಿಗಿದು ತೊಟ್ಟು ಮಿರಮಿರ ಅಂತಿತ್ತು. ಹುಲ್ಲು ಮುಟ್ಟದೆ ಮೂಲೆಗೆ ಮುಖ ಮಾಡ್ಕೊಂಡು ನಿಂತಿತ್ತು.

ಅವ್ವ ತಮ್ಮನ್ನ ಕರ್ಕೊಂಡು ತೌರಿಗೆ ಹೋಗಿದ್ದಳು. ಮನೇಲಿ ಅಪ್ಪ, ಅಜ್ಜಿ, ನಾನು.

ಸಂಜೆ ಆರಕ್ಕೆ ಗಾಳಿ ಎದ್ದಿತು. ಅಂಥಾ ಗಾಳೀನ ನಾನು ಆಮೇಲೆ ಎರಡೋ ಮೂರೋ ಸಲ ನೋಡಿರಬೇಕು. ಮೊದಲು ಧೂಳು, ಆಮೇಲೆ ಆಲಿಕಲ್ಲು, ಆಮೇಲೆ ಮಳೆ. ಕೊಟ್ಟಿಗೆ ಅಂದ್ರೆ ಮನೆ ಗೋಡೆಗೆ ಒರಗಿಸಿ ಹಾಕಿದ್ದ ನಾಲ್ಕು ಶೀಟು, ಮೂರು ಕಡೆ ಮೋಟು ಮಣ್ಣುಗೋಡೆ. ಒಂದು ಶೀಟು ಹಾರಿಹೋಗಿ ಬೇಲಿ ಮೇಲೆ ಬಿತ್ತು. ಅಪ್ಪ ಉಳಿದ ಮೂರಕ್ಕೂ ಹಗ್ಗ ಕಟ್ಟಿ ಕಲ್ಲು ಹೇರಿ ಬಂದ. ನಾನು ಒಲೆ ಹಿಂದೆ ಇಟ್ಟಿದ್ದ ಒಣ ತರಗು ತಂದು ಕೆಂಪಿ ಕೆಳಗೆ ಹಾಸಿದೆ. ಹಸು ಹೆರೋ ಜಾಗ ಒದ್ದೆ ಆದ್ರೆ ಎದ್ದು ಕೂರುವಾಗ ಕಾಲು ಜಾರುತ್ತೆ, ಹುಟ್ಟಿದ ಕರು ಚಳಿಗೆ ಮುದುರಿಕೊಳ್ಳುತ್ತೆ.

ಕತ್ತಲಾದ ಮೇಲೆ ಬೇನೆ ಶುರುವಾಯ್ತು. ಮಲಗೋದು, ಏಳೋದು, ತಿರುಗಿ ಪಕ್ಕೆ ನೋಡ್ಕೊಳೋದು. ಗುಡುಗಿಗೆ ನಾನು ಬೆಚ್ಚುತ್ತಿದ್ದೆ, ಅದು ಬೆಚ್ಚುತ್ತಿರಲಿಲ್ಲ. ಅಪ್ಪನನ್ನ ಅಜ್ಜಿ ಒಳಗೆ ಕಳಿಸಿದಳು. "ಜನ ನಿಂತ್ಕೊಂಡ್ರೆ ಅದು ಬೇನೆ ಹಿಡಿದಿಟ್ಕೊತದೆ. ಕೂಸು ಒಬ್ಳಿರ್ಲಿ. ಇವಳು ಮೇಯ್ಸೋಳು, ಇವಳ ವಾಸನೆ ಅದಕ್ಕೆ ಗೊತ್ತು."

ಹಂಗೆ ನನ್ನ ಕೈಗೆ ಲಾಟೀನು ಬಂತು.

ನಮ್ಮಜ್ಜಿ ಸೂಲಗಿತ್ತಿ. ನಮ್ಮ ಕೇರಿಯ ಮಕ್ಕಳು ಬಿಡಿ, ಊರೊಳಗಿನ ಎಷ್ಟೋ ಮನೆ ಮಕ್ಕಳು ಅವಳ ಕೈಗೇ ಮೊದಲು ಬಿದ್ದವು. ಹೆರಿಗೆ ಮುಗಿಯೋ ತನಕ ಒಳಮನೆವರೆಗೂ ಬಾ ಅಂತಿದ್ರು, ಮುಗಿದ ಮೇಲೆ ಅವಳು ನಡೆದ ಜಾಗಕ್ಕೆ ಸಗಣಿ ನೀರು ಹಾಕ್ತಿದ್ರು. ಇದನ್ನ ಅವಳು ಸಿಟ್ಟಿಂದ ಹೇಳಿದ್ದು ನಾನು ಕೇಳಿಲ್ಲ. ಕೂಲಿ ಲೆಕ್ಕ ಹೇಳೋ ಹಂಗೆ ಹೇಳ್ತಿದ್ದಳು. ಸಿಟ್ಟು ನಮ್ಮ ತಲೆಮಾರಿಗೆ ಬಂತು.

ಒಂಬತ್ತೂವರೆ ಇರಬಹುದು, ಮಿಂಚಿನ ಬೆಳಕಲ್ಲಿ ನೀರುಚೀಲ ಕಂಡಿತು. ಸ್ವಲ್ಪ ಹೊತ್ತಿಗೆ ಒಡೀತು. ಅಜ್ಜಿ ಗೋಡೆಗೆ ಒರಗಿ ಕೂತಳು. "ಇನ್ನು ಗೊರಸು ಬರ್ತವೆ. ಎಷ್ಟು ಬರ್ತವೆ ಎಣ್ಸು. ಮುಂಗಾಲು ಎರಡು, ಅದರ ಮೇಲೆ ಮೂತಿ. ಮೂರೂ ಕಂಡ್ರೆ ಭಯ ಇಲ್ಲ."

ಒಂದು ಬಂತು. ಬಿಳಿಹಳದಿ ಬಣ್ಣ, ಸೋಪಿನ ತುಂಡಿನಂತೆ ಮೆತ್ತಗೆ. ಅಂಗಾಲು ಕೆಳಕ್ಕಿತ್ತು. ಅಂಗಾಲು ಮೇಲಕ್ಕಿದ್ದರೆ ಬಹುಪಾಲು ಅದು ಹಿಂಗಾಲು, ಕರು ತಿರುಗಿದೆ ಅಂತ. ಇದು ಮುಂಗಾಲೇ. ಬೇನೆ ಬಂದಾಗ ಮೂಗಿನ ತುದೀನೂ ಕಾಣ್ತು. ಬೇನೆ ಹೋದಾಗ ಎರಡೂ ಒಳಕ್ಕೆ. ಮತ್ತೆ ಬೇನೆ, ಮತ್ತೆ ಒಂದು ಗೊರಸು, ಮೂಗಿನ ತುದಿ. ನಾನು ಕಾಯ್ತಾನೇ ಇದ್ದೆ. ಇನ್ನೊಂದು ಗೊರಸು ಬರಲೇ ಇಲ್ಲ.

"ಅಜ್ಜಿ, ಒಂದೇ ಐತೆ."

ಅವಳು ಎದ್ದು ಬಂದು ನೋಡಿದಳು. ಏನೂ ಮಾಡಲಿಲ್ಲ. "ಒಂದು ಸೇರು ರಾಗಿ ಬೀಸೋ ಹೊತ್ತು ನೋಡಮ" ಅಂದಳು. ಅವಳ ಗಡಿಯಾರ ಅದು, ಹತ್ತಿರ ಹತ್ತಿರ ಅರ್ಧ ಗಂಟೆ. ಈಗ ಪಶುವೈದ್ಯರು ಹೇಳೋದೂ ಸುಮಾರು ಅದೇ. ನೀರು ಒಡೆದು ಕಾಲು ಕಂಡ ಮೇಲೆ, ಹಸು ಮುಕ್ಕಿ ಮುಕ್ಕಿ ತಿಣುಕಿದರೂ ಅರ್ಧದಿಂದ ಒಂದು ಗಂಟೆಯೊಳಗೆ ಮುಂದಕ್ಕೆ ಬರಲಿಲ್ಲ ಅಂದ್ರೆ ಒಳಗೆ ಏನೋ ಅಡ್ಡ ಇದೆ ಅಂತಲೇ ಅರ್ಥ. ನಮ್ಮೂರ ಕಡೆ ಎಷ್ಟೋ ಕರು ಸಾಯೋದು ಎರಡು ಕಾರಣಕ್ಕೆ. ಏನೂ ಅಡ್ಡ ಇಲ್ಲದಾಗ ಆತುರಕ್ಕೆ ಎಳೆಯೋದು ಒಂದು. ಅಡ್ಡ ಇದ್ದಾಗ ಅದನ್ನ ಸರಿ ಮಾಡದೆ ನಾಲ್ಕು ಜನ ಸೇರಿ ಹಗ್ಗ ಹಾಕಿ ಎಳೆಯೋದು ಇನ್ನೊಂದು.

ರಾಗಿ ಬೀಸೋ ಹೊತ್ತು ಕಳೀತು. ಕರುವಿನ ನಾಲಿಗೆ ಪಕ್ಕಕ್ಕೆ ಬಂದು ದಪ್ಪಗಾಗೋಕೆ ಶುರುವಾಯ್ತು. ಅಜ್ಜಿ ಅಪ್ಪನನ್ನ ಕೂಗಿದಳು: "ಡಾಕ್ಟ್ರು ಬೇಕು ಕಣಪ್ಪ."

ಡಾಕ್ಟರು ಹೋಬಳಿ ಊರಲ್ಲಿ, ಏಳು ಕಿಲೋಮೀಟರು. ಊರಲ್ಲಿ ಫೋನ್ ಇದ್ದದ್ದು ದೊಡ್ಡಮನೇಲಿ. ಅಪ್ಪ ಗೋಣಿ ಕೊಪ್ಪೆ ಹಾಕ್ಕೊಂಡು ಓಡಿದ. ಕಿಟಕಿಯಿಂದಲೇ "ಫೋನ್ ಕೆಟ್ಟದೆ" ಅಂದರಂತೆ. ಇರಬಹುದು. ಆ ಮಳೇಲಿ ಯಾರ ಫೋನು ತಾನೆ ನೆಟ್ಟಗಿರ್ತಿತ್ತು. ಅಪ್ಪ ಅಲ್ಲಿಂದಲೇ ಸೈಕಲ್ ಹತ್ತಿದ. ದಾರೀಲಿ ಹಳ್ಳ ಬಂದಿತ್ತು ಅನ್ನೋದು ನಮಗೆ ಬೆಳಗ್ಗೆ ಗೊತ್ತಾಗಿದ್ದು.

ಅಜ್ಜಿ ಬಿಸಿನೀರಲ್ಲಿ ಕೈ ತೊಳೆದು, ಹರಳೆಣ್ಣೆ ಬಳಕೊಂಡು, ಕೆಂಪಿಯೊಳಕ್ಕೆ ಕೈ ಹಾಕಿದಳು. ಕಣ್ಣು ಮುಚ್ಚಿಕೊಂಡು ತಡಕಿದಳು. "ಮಂಡಿ ಮಡ್ಚಿಕೊಂಡದೆ. ಆ ಕಾಲು ಹಿಂದಕ್ಕೆ ಉಳ್ಕೊಂಡು, ಮಂಡಿ ಬಂದು ಮೂಳೆಗೆ ಒದ್ಕೊಂಡದೆ." ಬಾಗಿಲಲ್ಲಿ ಮೊಣಕೈ ಅಗಲಿಸಿಕೊಂಡು ನಿಂತ ಮನುಷ್ಯನ ಹಂಗೆ. ಎಷ್ಟು ಎಳೆದರೂ ಅಷ್ಟೇ ಬಿಗಿ.

ಸರಿ ಮಾಡೋದು ಅವಳಿಗೆ ಗೊತ್ತಿತ್ತು. ಆಗಲಿಲ್ಲ. ಎರಡು ವರ್ಷದ ಹಿಂದೆ ಕಬ್ಬಿನ ಗದ್ದೇಲಿ ಬಿದ್ದು ಅವಳ ಬಲಗೈ ಮುರಿದು ಅಡ್ಡಾದಿಡ್ಡಿ ಕೂಡಿಕೊಂಡಿತ್ತು. ಬೆರಳು ಪೂರ್ತಿ ಮಡಚ್ತಿರಲಿಲ್ಲ. ಎಡಗೈ ಪ್ರಯತ್ನ ಮಾಡಿದಳು. ಕೈ ತೆಗೆದು ನನ್ನ ಕಡೆ ನೋಡಿದಳು.

"ಕೂಸೇ, ನಿನ್ ಕೈ ಸಣ್ಣದು. ಬಾ."

ನಾನು ಆಗಲ್ಲ ಅಂದೆ. ಅತ್ತೆ ಅಂತಲೂ ನೆನಪು. ಅವಳು ಬೈಯಲಿಲ್ಲ, ಪುಸಲಾಯಿಸಲೂ ಇಲ್ಲ. ಬ್ಲೇಡು ತಂದು ನನ್ನ ಉಗುರು ಕತ್ತರಿಸಿದಳು. ಬಟ್ಟೆ ಸೋಪಲ್ಲಿ ಭುಜದವರೆಗೆ ಎರಡು ಸಲ ತೊಳೆಸಿದಳು. ಎಣ್ಣೆ ಬಳಿದಳು. ಇಲ್ಲೊಂದು ಮಾತು ಹೇಳಲೇಬೇಕು. ಅವತ್ತು ನಮ್ಮ ಹತ್ರ ಗ್ಲೌಸ್ ಇರಲಿಲ್ಲ, ಅಂಥದ್ದೊಂದು ಇದೆ ಅಂತಲೂ ಗೊತ್ತಿರಲಿಲ್ಲ. ಹಸುವಿಗೆ ಕಂದು ಹಾಕೋ ರೋಗ ಇದ್ದರೆ, ಬ್ರುಸೆಲ್ಲಾ ಅಂತಾರೆ, ಅದು ಬರಿಗೈಲಿ ಮುಟ್ಟಿದೋರಿಗೂ ದಾಟುತ್ತೆ. ತಿಂಗಳಾನುಗಟ್ಟಲೆ ಬಿಟ್ಟು ಬಿಟ್ಟು ಜ್ವರ, ಕೀಲು ನೋವು. ನಮ್ಮ ಜನ ಅದನ್ನ ಕೂಲಿ ಆಯಾಸ ಅಂದ್ಕೊಂಡು ಸುಮ್ಮನಿರ್ತಾರೆ. ಈಗ ಯಾರೂ ಬರಿಗೈ ಹಾಕ್ಬೇಡಿ.

ಮೊದಲು ಅಜ್ಜಿ ಕೆಂಪಿಯನ್ನ ಎಬ್ಬಿಸಿದಳು. ಕೊಟ್ಟಿಗೆ ನೆಲ ಗಂಜಲ ಹರಿಯೋ ಕಡೆಗೆ ಇಳಿಜಾರು. ಮಾಮೂಲಿಯಾಗಿ ಹಸುವಿನ ಹಿಂಭಾಗ ಇಳಿಜಾರಿಗೆ ಇರುತ್ತೆ. ಅವಳು ಹಸುವನ್ನ ತಿರುಗಿಸಿ ತಲೆಯನ್ನ ಇಳಿಜಾರಿಗೆ, ಹಿಂಭಾಗವನ್ನ ಎತ್ತರಕ್ಕೆ ನಿಲ್ಲಿಸಿದಳು. ಹಂಗೆ ನಿಂತರೆ ಕರು ತನ್ನ ಭಾರಕ್ಕೆ ತಾನೇ ಹೊಟ್ಟೆ ಕಡೆ ಒಂದಿಷ್ಟು ಜರುಗುತ್ತೆ, ಒಳಗೆ ಕೈ ಆಡಿಸೋಕೆ ಜಾಗ ಸಿಗುತ್ತೆ. ಹೊರಗಿದ್ದ ಕಾಲಿಗೆ, ಗೊರಸಿನ ಮೇಲಿನ ಗೆಣ್ಣಿನ ಮೇಲಕ್ಕೆ, ಹಳೇ ಸೀರೆ ಅಂಚಿನ ಕುಣಿಕೆ ಹಾಕಿ ತಾನು ಹಿಡ್ಕೊಂಡಳು. ಒಳಕ್ಕೆ ತಳ್ಳುವಾಗ ಆ ಕಾಲು ಕಳೆದುಹೋಗಬಾರದು ಅಂತ.

ಲಾಟೀನನ್ನ ಗೂಟಕ್ಕೆ ನೇತುಹಾಕಿದಳು. ಗಾಳಿಗೆ ಅದು ತೂಗಾಡ್ತಿತ್ತು, ನಮ್ಮ ನೆರಳೆಲ್ಲ ಗೋಡೆ ಮೇಲೆ ಓಡಾಡ್ತಿದ್ವು.

ಒಳಗೆ ಬಿಸಿ. ನಾನು ಅಂದ್ಕೊಂಡಿದ್ದಕ್ಕಿಂತ ಬಿಸಿ. ಮೊದಲು ಕೈಗೆ ಸಿಕ್ಕಿದ್ದು ಕರುವಿನ ಹಣೆ. ಅಷ್ಟರಲ್ಲಿ ಬೇನೆ ಬಂತು. ನನ್ನ ಕೈಯನ್ನ ಕಲ್ಲಿಗೂ ಕಲ್ಲಿಗೂ ಮಧ್ಯೆ ಹಾಕಿ ಅರೆದ ಹಂಗಾಯ್ತು, ಅತ್ತುಬಿಟ್ಟೆ. "ಬೇನೆ ಬಂದಾಗ ಸುಮ್ಕಿರು. ಅದರ ಜತೆ ಗುದ್ದಾಡ್ಬೇಡ. ಬೇನೆ ಹೋದಾಗ ತಳ್ಳು" ಅಂದಳು.

ಬೇನೆ ಹೋಯ್ತು. ಹಣೆ ಮೇಲೆ ಅಂಗೈ ಇಟ್ಟು ತಳ್ಳಿದೆ. ಮೊದಲ ಸಲ ಜಪ್ಪಯ್ಯ ಅಂದ್ರೂ ಜರುಗಲಿಲ್ಲ. ಎರಡನೇ ಸಲ ನಾಲ್ಕು ಬೆರಳಗಲ ಒಳಕ್ಕೆ ಹೋಯ್ತು.

"ಈಗ ಕುತ್ತಿಗೆ ಹಿಡ್ಕೊಂಡು ಹೋಗು. ಭುಜ ಸಿಕ್ತಾ? ಅಲ್ಲಿಂದ ಕೆಳಕ್ಕೆ. ಭುಜ ಬುಟ್ಟು ಕೈ ತೆಗೀಬ್ಯಾಡ. ಅವಳಿ ಇದ್ರೆ ಇನ್ನೊಂದರ ಕಾಲು ಸಿಕ್ತದೆ, ಅದನ್ನ ಎಳೆದ್ರೆ ಎರಡೂ ಹೋಯ್ತವೆ."

ಭುಜದಿಂದ ಕೆಳಕ್ಕೆ ಬಂದೆ. ಮಡಚಿದ ಮಂಡಿ ಸಿಕ್ತು, ತೆಂಗಿನ ಚಿಪ್ಪಿನ ಹಂಗೆ ಗುಂಡಗೆ. ಅದರಿಂದಾಚೆ ಕಾಲು ಹಿಂದಕ್ಕೆ ಹೋಗಿತ್ತು. ಭುಜದವರೆಗೂ ಕೈ ಹಾಕಿ ನನ್ನ ಕೆನ್ನೆ ಕೆಂಪಿಯ ತೊಡೆಗೆ ಒತ್ತಿಕೊಂಡಾಗ ಬೆರಳ ತುದಿಗೆ ಗೊರಸು ತಗುಲಿತು.

"ಜೀವ ಅದಾ? ಗೊರಸಿನ ಸಂದೀಲಿ ಚಿವುಟು."

ಚಿವುಟಿದೆ. ಕಾಲು ಸರಕ್ಕನೆ ಎಳ್ಕೊಂಡಿತು.

ಅದನ್ನ ಹೇಗೆ ಬರೀಬೇಕೋ ಗೊತ್ತಿಲ್ಲ. ಅಷ್ಟು ಹೊತ್ತು ಅದು ನನಗೆ ಅಡ್ಡ ಸಿಕ್ಕಿಕೊಂಡ ಒಂದು ವಸ್ತು. ಕಾಲು ಎಳ್ಕೊಂಡ ಮೇಲೆ ನನಗೆ ಕೈ ನೋವು ಗೊತ್ತಾಗಲಿಲ್ಲ.

"ಗೊರಸನ್ನ ಅಂಗೈಲಿ ಮುಚ್ಕೊ. ಪೂರ್ತಿ ಮುಚ್ಕೊ. ಚೂಪು ಹೊರಕ್ಕಿದ್ರೆ ಒಳಗೆ ಹರ್ದೋಯ್ತದೆ, ಹಸು ಉಳಿಯಾಕಿಲ್ಲ." ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ಮಂಡಿಯನ್ನ ಮೇಲಕ್ಕೆ, ಹೊರಮಗ್ಗುಲಿಗೆ ತಳ್ಳಬೇಕು. ಅದೇ ಹೊತ್ತಿಗೆ ಮುಚ್ಚಿದ ಗೊರಸನ್ನ ಒಳಮಗ್ಗುಲಿಂದ ಮುಂದಕ್ಕೆ ತರಬೇಕು. ದೊಡ್ಡೋರ ಕೈಗೆ ಅಲ್ಲಿ ತಿರುಗೋಕೆ ಜಾಗ ಸಾಲದು, ನನ್ನ ಕೈಗೆ ಶಕ್ತಿ ಸಾಲದು. ಎರಡು ಸಲ ಗೊರಸು ಜಾರಿಹೋಯ್ತು. ಮೂರನೇ ಸಲ ಅಜ್ಜಿ ತನ್ನ ಎಡಗೈಯನ್ನ ನನ್ನ ಕೈ ಪಕ್ಕ ಮಣಿಕಟ್ಟಿನವರೆಗೆ ತೂರಿಸಿ ಕರುವಿನ ತಲೆಯನ್ನ ಹಿಂದಕ್ಕೆ ಹಿಡಿದಳು. ಗೊರಸು ನನ್ನ ಮುಷ್ಟಿಯೊಳಗೇ ಮೂಳೆ ಅಂಚು ದಾಟಿ ಬಂತು.

ಅಪ್ಪ ಮುಂದೆ ಈ ಕತೆ ಹೇಳುವಾಗ ಅಜ್ಜಿ ಮಾಡಿದಳು ಅಂತಿದ್ದ. ಅಜ್ಜಿ ನನ್ನ ಹೆಸರು ಹೇಳ್ತಿದ್ದಳು. ಅವಳಿಲ್ಲದೆ ನನಗೆ ಆಗ್ತಿರಲಿಲ್ಲ, ಇದು ನಿಜ. ಗೊರಸು ನನ್ನ ಮುಷ್ಟೀಲಿತ್ತು, ಇದೂ ನಿಜ.

ಎರಡು ಗೊರಸು, ಒಂದು ಮೂತಿ. ಆಮೇಲೆ ಕೆಂಪಿ ತಾನೇ ಮಲಗಿತು. ಅಜ್ಜಿ ಎರಡೂ ಕಾಲಿಗೆ ಕುಣಿಕೆ ಹಾಕಿದಳು, ಬೇನೆ ಬಂದಾಗ ಮಾತ್ರ ಎಳೀಬೇಕು, ಒಮ್ಮೆ ಈ ಕಾಲು ಒಮ್ಮೆ ಆ ಕಾಲು. ಭುಜ ಒಂದರ ಹಿಂದೆ ಒಂದು ದಾಟಲಿ ಅಂತ. ತಲೆ ಹೊರಗೆ ಬಂದ ಮೇಲೆ ಎಳೆತ ನೇರಕ್ಕಲ್ಲ, ಹಸುವಿನ ಹಿಂಗಾಲಿನ ಕಡೆಗೆ, ಕೆಳಕ್ಕೆ. ನಾಲ್ಕೈದು ಬೇನೆಗೆ ಕರು ಜಾರಿ ತರಗಿನ ಮೇಲೆ ಬಿತ್ತು.

ಉಸಿರಿಲ್ಲ.

ಅಜ್ಜಿ ಮೂಗು ಬಾಯೊಳಗಿನ ಲೋಳೆ ಬೆರಳಲ್ಲಿ ತೆಗೆದಳು. ರಾಗಿಹುಲ್ಲಿನ ಕಡ್ಡಿ ಮುರಿದು ಮೂಗಿನ ಹೊಳ್ಳೆಯೊಳಕ್ಕೆ ಆಡಿಸಿದಳು. ನನಗೆ ಗೋಣಿ ಕೊಟ್ಟು "ಉಜ್ಜು, ಜೋರಾಗುಜ್ಜು" ಅಂದಳು. ನಾನು ಪಕ್ಕೆ ಉಜ್ತಾ ಇದ್ದೆ. ಎಷ್ಟು ಹೊತ್ತೋ. ಕರು ಸೀನಿತು. ತಲೆ ಒದರಿತು. ಕೆಂಪಿ ಎದ್ದು ತಿರುಗಿ ನಿಂತು ನನ್ನ ಕೈಯನ್ನೂ ಸೇರಿಸಿ ನೆಕ್ಕೋಕೆ ಶುರುಮಾಡ್ತು.

ಅಜ್ಜಿ ಕರುವಿನ ಬಾಲ ಎತ್ತಿ ನೋಡಿದಳು. "ಹೆಂಗರು" ಅಂದಳು. ಅಷ್ಟೇ. ಹೋಗಿ ಗೋಡೆಗೆ ಒರಗಿ ಕೂತಳು.

ರಾತ್ರಿ ಇನ್ನೂ ಅರ್ಧ ಉಳಿದಿತ್ತು. ಕಸ ಬೀಳಬೇಕು. ಅದು ಬೀಳೋ ತನಕ ಯಾರಾದ್ರೂ ಎದ್ದಿರಬೇಕು. ಬಿದ್ದದ್ದನ್ನ ಹಸು ತಿಂದುಬಿಡುತ್ತೆ, ಇಲ್ಲಾ ನಾಯಿ ನುಗ್ಗುತ್ತವೆ. ನಾನಿರ್ತೀನಿ ಅಂದೆ.

ಇಲ್ಲಿ ನನ್ನಜ್ಜಿಗೂ ನನಗೂ ಒಂದು ಜಗಳ. ಕಸ ಬೀಳೋ ತನಕ ಕರುಗೆ ಹಾಲು ಬಿಡಬಾರದು ಅಂತ ಅವಳ ನಂಬಿಕೆ. ಅವಳದೊಂದೇ ಅಲ್ಲ, ಇವತ್ತಿಗೂ ಎಷ್ಟೋ ಊರಲ್ಲಿ ಇದೆ. ಕರು ಗಂಟೆಯೊಳಗೆ ತಡವರಿಸಿ ಎದ್ದಿತು, ನಾಲ್ಕು ಸಲ ಬಿತ್ತು, ಕೆಚ್ಚಲು ಹುಡುಕ್ತಾ ಮುಂಗಾಲ ಸಂದಿಗೆಲ್ಲ ಮೂತಿ ಹಾಕ್ತಿತ್ತು. ಅಜ್ಜಿ ಅದನ್ನ ಗೂಟಕ್ಕೆ ಕಟ್ಟು ಅಂದಳು. ಕಟ್ಟಿದೆ. ಅವಳು ಕೂತಲ್ಲೇ ತೂಕಡಿಸಿದಳು. ಕರು ಅರಚ್ತಿತ್ತು, ನಡುಗ್ತಿತ್ತು. ಹೊರಗೆ ಮಳೆ. ನಾನು ಹಗ್ಗ ಬಿಚ್ಚಿ ಮೊದಲು ತೊಟ್ಟು ಒರೆಸಿ, ಎರಡು ಧಾರೆ ನೆಲಕ್ಕೆ ಹಿಂಡಿ, ಕರುವಿನ ಬಾಯಿಗೆ ತೊಟ್ಟಿಟ್ಟೆ. ಕುಡೀತು. ಬಾಲ ಆಡಿಸ್ತಾ ಕುಡೀತು. ಹೊಟ್ಟೆ ತುಂಬಿದ ಮೇಲೆ ಮತ್ತೆ ಕಟ್ಟಿದೆ, ಏನೂ ಆಗಿಲ್ಲ ಅನ್ನೋ ಹಂಗೆ.

ಕಸ ಬಿದ್ದದ್ದು ಕೋಳಿ ಕೂಗೋ ಹೊತ್ತಿಗೆ. ಪೂರ್ತಿಯಾಗಿ ಬಿತ್ತು.

ಬೆಳಗ್ಗೆ ಏಳಕ್ಕೆ ಅಪ್ಪ ಡಾಕ್ಟರನ್ನ ಕರ್ಕೊಂಡು ಬಂದ. ಹಳ್ಳದ ಆಚೆ ದಡದಲ್ಲಿ ರಾತ್ರಿಯೆಲ್ಲ ನಿಂತಿದ್ದನಂತೆ. ಡಾಕ್ಟರು ಒಳ್ಳೆ ಮನುಷ್ಯ. ಕೊಟ್ಟಿಗೆಯೊಳಕ್ಕೆ ಬಗ್ಗಿ ಬಂದು, ಗ್ಲೌಸ್ ಹಾಕ್ಕೊಂಡು ಒಳಗೆ ಹರಿದಿದೆಯಾ ಅಂತ ನೋಡಿದರು. ಹರಿದಿರಲಿಲ್ಲ. ಕೆಂಪಿಗೆ ಸೂಜಿ ಹಾಕಿದರು. ಅಜ್ಜಿ ಕರುವಿನ ಹೊಕ್ಕುಳಿಗೆ ಅರಿಶಿನ ಎಣ್ಣೆ ಹಚ್ಚಿದ್ದಳು. ಅದನ್ನ ಒರೆಸಿ ಟಿಂಚರ್ ಅಯೋಡಿನ್‌ನಲ್ಲಿ ಅದ್ದಿದರು. ಹಸಿ ಹೊಕ್ಕುಳಬಳ್ಳಿ ನೇರ ಒಳಕ್ಕೆ ಹೋಗೋ ದಾರಿ, ಅಲ್ಲಿಂದ ನಂಜು ಹತ್ತಿದ್ರೆ ಕೀಲೆಲ್ಲ ಊದಿಕೊಳ್ಳುತ್ತೆ ಅಂದರು.

"ಗಿಣ್ಣು ಕುಡಿಸಿದ್ರಾ?" ಕೇಳಿದರು.

"ಕಸ ಈಗ ತಾನೆ ಬಿದ್ದದೆ ಸಾಮಿ, ಇನ್ನು ಬುಡ್ತೀವಿ" ಅಂದಳು ಅಜ್ಜಿ.

ಡಾಕ್ಟರು ಕೂತ್ಕೊಂಡು ವಿವರಿಸಿದರು. ಮನುಷ್ಯರ ಮಗುಗೆ ರೋಗ ತಡೆಯೋ ಶಕ್ತಿ ಸ್ವಲ್ಪ ಹೊಟ್ಟೆಯೊಳಗಿರುವಾಗಲೇ ತಾಯಿಂದ ಬಂದಿರುತ್ತೆ. ಕರುಗೆ ಬಂದಿರಲ್ಲ. ಅದಕ್ಕೆ ಬರೋದೆಲ್ಲ ಗಿಣ್ಣಿಂದಲೇ. ಅದನ್ನ ಹೀರೋ ಶಕ್ತಿ ಕರುವಿನ ಕರುಳಿಗೆ ಹುಟ್ಟಿದ ಮೊದಲ ಕೆಲವು ಗಂಟೆ ಚೆನ್ನಾಗಿರುತ್ತೆ, ಒಂದು ದಿನ ಆಗೋಷ್ಟರಲ್ಲಿ ಮುಚ್ಚಿಹೋಗುತ್ತೆ. ಇಂಥ ಕರುಗೆ ಮೊದಲ ಎರಡು ಗಂಟೆಯೊಳಗೆ ಒಂದೂವರೆ ಎರಡು ಲೀಟರಾದ್ರೂ ಹೋಗಬೇಕು. ಕಸ ಬೀಳೋಕೆ ಹನ್ನೆರಡು ಗಂಟೆ ಬೇಕಾದ್ರೂ ಹಿಡಿಯಬಹುದು, ಅಲ್ಲಿವರೆಗೆ ಕಾಯಿಸಿದ್ರೆ ಕರು ಬರಿಗೈಲಿ ಲೋಕಕ್ಕೆ ಬಂದ ಹಂಗೆ. ಜತೆಗೆ ಕರು ಚೀಪಿದ್ರೆ ಗರ್ಭಚೀಲ ಕುಗ್ಗುತ್ತೆ, ಕಸ ಬೀಳೋಕೂ ಅದು ಒಳ್ಳೇದು. ಕಸಕ್ಕೆ ಕಲ್ಲು ಕಟ್ಟೋದು, ಕೈಲಿ ಎಳೆಯೋದು ಮಾತ್ರ ಮಾಡ್ಬೇಡಿ.

ಅಜ್ಜಿ ಕೆಚ್ಚಲ ಕಡೆ ನೋಡಿದಳು. ಒಂದು ಮಗ್ಗುಲು ಸೊರಗಿತ್ತು. ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. ಏನೂ ಅನ್ನಲಿಲ್ಲ. ಆಮೇಲೆ ಅವಳು ಹೆರಿಗೆ ಮಾಡಿಸಿದ ಯಾವ ಹಸುವಿನ ಕರುವನ್ನೂ ಕಟ್ಟಿಹಾಕಿಸಲಿಲ್ಲ.

ಹೊತ್ತೇರಿದ ಮೇಲೆ ದೊಡ್ಡಮನೆಯಿಂದ ಗಿಣ್ಣಿಗೆ ಚೊಂಬು ಬಂತು. ಮೊದಲ ನಾಲ್ಕೈದು ದಿನದ ಹಾಲನ್ನ ಡೈರೀಲಿ ತಗೊಳ್ಳಲ್ಲ, ಕಾಯಿಸಿದ್ರೆ ಒಡೆಯುತ್ತೆ. ಅದು ಮನೆಗೆ, ನೆರೆಯೋರಿಗೆ. ಹಸು ಅವರದು, ಕೇಳೋದರಲ್ಲಿ ತಪ್ಪಿಲ್ಲ. ಅಪ್ಪ ಕರೆಯೋಕೆ ಕೂತ. ಚೊಂಬು ತಂದ ಆಳು "ನೀವು ಬೇಡ, ನಾನೇ ಕರ್ಕೊಂಡು ಬರಕ್ಕೆ ಹೇಳವ್ರೆ" ಅಂದ. ಅವನೇ ಕೆಚ್ಚಲು ತೊಳೆದು, ಅವನೇ ಕರೆದು, ಚೊಂಬಿನ ಬಾಯಿಗೆ ಎಲೆ ಮುಚ್ಚಿಕೊಂಡು ಹೋದ. ಮಿಕ್ಕ ದಿನ ಇದೇ ಹಸುವಿನ ಹಾಲನ್ನ ನಮ್ಮವ್ವ ಕರೆದು ಡೈರಿ ಕ್ಯಾನಿಗೆ ಸುರೀತಿದ್ದಳು, ಅದು ಅವರ ಮನೆ ಹಾಲಿನ ಜತೆಗೇ ಲಾರಿ ಹತ್ತುತ್ತಿತ್ತು. ಅವತ್ತು ನನ್ನ ಬಲಗೈ ಭುಜದಿಂದ ಬೆರಳವರೆಗೆ ನೀಲಿಗಟ್ಟಿತ್ತು. ಅದು ಹಸುವಿನ ಒಳಗೆಲ್ಲ ಹೋಗಿ ಬಂದದ್ದಕ್ಕೆ ಯಾರ ತಕರಾರೂ ಇರಲಿಲ್ಲ.

ಕರು ಹೆಣ್ಣು ಅಂತ ಗೊತ್ತಾದ ಮೇಲೆ ಮಾತೂ ಬದಲಾಯ್ತು. ಹೋದ ಸಲ ಹೋರಿ ಆಯ್ತಲ್ಲ, ಮೊದಲ ಹೆಂಗರು ನಮಗೆ ಅಂತಲೇ ಮಾತಾಗಿದ್ದು ಅಂದರು. ಅಪ್ಪ ಜಗಲಿ ಕೆಳಗೆ ಮೂರು ದಿನ ನಿಂತ. ನಾಲ್ಕನೇ ದಿನ ಅಜ್ಜಿ ಹೋದಳು. ಅಲ್ಲಿ ಏನು ಮಾತಾಡಿದಳು ಅಂತ ನಾನು ಕೇಳಿಸಿಕೊಂಡಿಲ್ಲ, ಆ ಮನೆಯ ಮೂರು ಮಕ್ಕಳನ್ನ ಅವಳು ಕೈಯಲ್ಲಿ ಹಿಡಿದಿದ್ದಳು ಅನ್ನೋದು ಮಾತ್ರ ಗೊತ್ತು. ಇತ್ಯರ್ಥ ಆಗಿದ್ದು ಹೀಗೆ: ಕರು ನಮಗೆ, ಆದರೆ 800 ರೂಪಾಯಿ ಕೊಡಬೇಕು. ನಮ್ಮದಕ್ಕೇ ನಾವು ದುಡ್ಡು ಕೊಟ್ಟೆವು, ಹಾಲಿನ ಬಟವಾಡೆಯಲ್ಲಿ ಐದು ತಿಂಗಳು ಹರಿದು ಹರಿದು. ಇದು ಗೆಲುವು ಅಂತ ನಾನು ಹೇಳಲ್ಲ. ಅಪ್ಪ ಗೆಲುವು ಅಂತಲೇ ಹೇಳ್ತಿದ್ದ.

ಕರುಗೆ ಭರಣಿ ಅಂತ ಹೆಸರಿಟ್ಟೆವು.

ಕಸದ ವಿಷಯ ಬಿಟ್ಟುಹೋಯ್ತು. ನಮ್ಮ ಕಡೆ ಅದನ್ನ ಹುಲ್ಲಲ್ಲಿ ಸುತ್ತಿ ಹಾಲು ಸೋರೋ ಮರಕ್ಕೆ ಕಟ್ತಾರೆ, ಹಸು ಹಾಲು ಚೆನ್ನಾಗಿ ಕೊಡಲಿ ಅಂತ. ಊರ ಬಾಗಿಲಲ್ಲಿ ದೊಡ್ಡ ಆಲದ ಮರ ಇತ್ತು, ಊರೋರದೆಲ್ಲ ಅಲ್ಲಿ. ನಮ್ಮ ಕೇರಿಯೋರು ಅಲ್ಲಿ ಕಟ್ಟೋ ಹಂಗಿರಲಿಲ್ಲ. ಅಪ್ಪ ಅವತ್ತು ಬೆಳಗ್ಗೆ ಕೆರೆ ಹಿಂದಿನ ಅತ್ತಿ ಮರಕ್ಕೆ ಕಟ್ಟಿ ಬಂದಿದ್ದ. ನಾನೂ ಜತೇಲಿ ಹೋಗಿದ್ದೆ. ರಾತ್ರಿ ಗಾಳಿಗೆ ಅದರ ಅರ್ಧ ಕೊಂಬೆ ಮುರಿದು ಬಿದ್ದಿತ್ತು.

ಮೊನ್ನೆ ಫೋನ್ ಮಾಡಿದಳಲ್ಲ ತಮ್ಮನ ಮಗಳು, ಅವಳು ಕಾಯ್ತಿದ್ದದ್ದು ಭರಣಿಯ ಮೊಮ್ಮಗಳ ಮಗಳನ್ನ. ಹನ್ನೊಂದೂ ಮುಕ್ಕಾಲಿಗೆ ಮತ್ತೆ ಕಾಲ್ ಬಂತು. ಕರು ಹುಟ್ಟಿತ್ತು, ಯಾರೂ ಎಳೆದಿರಲಿಲ್ಲ. ಗಂಡುಗರು. ಹೊಕ್ಕುಳಿಗೆ ಟಿಂಚರ್ ಹಾಕಿದ್ದಳು, ಗಿಣ್ಣು ಕುಡಿಸಿದ್ದಳು. ಮಳೆ ಸದ್ದಲ್ಲಿ ಅವಳ ಮಾತು ಅರ್ಧ ಕೇಳಿಸ್ತಿರಲಿಲ್ಲ. ನೀನು ಮಲ್ಕೋ ಅಂದ್ರೆ, ಕಸ ಬೀಳೋವರೆಗೂ ಇಲ್ಲೇ ಇರ್ತೀನಿ ಅಂದಳು. ಮಧ್ಯಾಹ್ನದವರೆಗೂ ಬೀಳದಿದ್ರೆ 1962ಕ್ಕೆ ಫೋನ್ ಮಾಡ್ಸು, ಪಶು ಆಂಬುಲೆನ್ಸ್ ಬರುತ್ತೆ, ಯಾರೂ ಕೈ ಹಾಕ್ಬೇಡಿ ಅಂತ ಹೇಳಿ ಇಟ್ಟೆ.

ಬೆಳಗ್ಗೆ ಆರಕ್ಕೆ ಮೆಸೇಜ್ ಬಂದಿತ್ತು. "ಕಸ ಬಿತ್ತು ಅತ್ತೆ. ಅಪ್ಪ ಯಾವ ಮರಕ್ಕೆ ಕಟ್ಟಬೇಕು ಅಂತ ಕೇಳ್ತವ್ರೆ."

ಮರಕ್ಕೆ ಬೇಡ, ಮೂರಡಿ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ, ನಾಯಿ ಕೆದಕದ ಹಂಗೆ ಮೇಲೊಂದು ಕಲ್ಲಿಡಿ ಅಂತ ಬರೆದೆ.